ಐದು ರೂಪಾಯಿಯ ಜಿಗಿತ ಬೇಡ, ವರ್ಷಕ್ಕೊಂದು ಸಣ್ಣ ಹೆಜ್ಜೆ ಸಾಕು

ಘಟ್ಟ ಹತ್ತಿ ಬಂದು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಂಥ ಊರುಗಳಲ್ಲಿ ಬೇಕರಿಯೋ ಹೊಟೇಲೋ ಇಟ್ಟುಕೊಂಡ ನಮಗೆಲ್ಲ ಒಂದು ಬೆಳಗು ಚೆನ್ನಾಗಿ ಗೊತ್ತು. ಹಿಂದಿನ ರಾತ್ರಿ ರೇಟು ಬೋರ್ಡಿನ ಮೇಲೆ ಬಿಳಿ ಕಾಗದ ಅಂಟಿಸಿರುತ್ತೇವೆ. ಹತ್ತು ಇದ್ದದ್ದು ಹದಿನೈದು ಆಗಿರುತ್ತದೆ. ದಿನಾಲೂ ಬರುವ ಗಿರಾಕಿ ಚಾ ಕುಡಿದು, ಬೋರ್ಡು ನೋಡಿ, "ಏನ್ರಿ ಕಾಕಾ, ನಿನ್ನೆ ಹತ್ತು ಇತ್ತು, ಇವತ್ತ ಹದಿನೈದ? ಒಂದ ರಾತ್ರ್ಯಾಗ ಏನಾತು?" ಅನ್ನುತ್ತಾನೆ. ನಾವು "ಹಾಲು ಜಾಸ್ತಿ ಆಯ್ತಲ್ಲ ಅಣ್ಣಾ" ಎಂದು ಗೊಣಗುತ್ತೇವೆ. ಅವನು ನಂಬುವುದಿಲ್ಲ. ನಮಗೂ ಆ ಉತ್ತರ ಪೂರ್ತಿ ನಿಜವಲ್ಲ ಅಂತ ಗೊತ್ತಿರುತ್ತದೆ.

ಆ ರಾತ್ರಿಯಲ್ಲಿ ಏನೂ ಆಗಿರುವುದಿಲ್ಲ. ಆಗಿದ್ದೆಲ್ಲ ಅದಕ್ಕೆ ಮೊದಲಿನ ನಾಲ್ಕೈದು ವರ್ಷಗಳಲ್ಲಿ, ತಿಂಗಳು ತಿಂಗಳು, ಸ್ವಲ್ಪ ಸ್ವಲ್ಪವೇ ಆಗಿರುತ್ತದೆ. ನಾವು ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮುಂದೂಡುತ್ತ ಬಂದಿರುತ್ತೇವೆ. ವ್ಯಾಪಾರವೆಂಬ ಅರ್ಥದ 'ಬ್ಯಾರ'ದಿಂದಲೇ ಬ್ಯಾರಿ ಎಂಬ ಹೆಸರು ಬಂತೆಂದು ಹೇಳಿಕೊಳ್ಳುವ ನಾವು, ದರ ಪರಿಷ್ಕರಣೆಯ ಈ ಒಂದು ಕೆಲಸದಲ್ಲಿ ತೀರಾ ಹಿಂದೆ ಇದ್ದೇವೆ. ವರ್ಷಕ್ಕೆ ಒಂದು ಸಲ, ಗೊತ್ತುಪಡಿಸಿದ ದಿನ, ಚಿಕ್ಕ ಹೆಜ್ಜೆಯಲ್ಲಿ ದರ ಬದಲಿಸುವ ಪದ್ಧತಿಯನ್ನು ನಮ್ಮ ಪ್ರತಿ ಅಂಗಡಿಯೂ ಇಟ್ಟುಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ. ಯಾಕೆ ಮತ್ತು ಹೇಗೆ ಎಂಬುದನ್ನು ಒಂದು ಅಂಗಡಿಯ ಲೆಕ್ಕ ಹಿಡಿದು ನೋಡೋಣ.

ತಡ ಮಾಡಿದರೆ ಯಾರ ಜೇಬಿನಿಂದ ಹೋಗುತ್ತದೆ?

ಉದಾಹರಣೆಗೆ ಹಾನಗಲ್ಲಿನ ಬಸ್‌ಸ್ಟ್ಯಾಂಡ್ ಬದಿಯಲ್ಲಿ ಚಾ ಮತ್ತು ಬೇಕರಿ ಎರಡೂ ಇರುವ ಒಂದು ಅಂಗಡಿ ಇದೆ ಎಂದಿಟ್ಟುಕೊಳ್ಳಿ. ತಿಂಗಳ ವ್ಯಾಪಾರ 3 ಲಕ್ಷ ರೂಪಾಯಿ. ಮೈದಾ, ಸಕ್ಕರೆ, ಹಾಲು, ಎಣ್ಣೆ, ಡಾಲ್ಡಾ, ಮೊಟ್ಟೆ, ಚಾ ಪುಡಿ ಎಲ್ಲ ಸೇರಿ ಸಾಮಾನಿಗೆ 1,50,000. ನಾಲ್ಕು ಜನ ಹುಡುಗರ ಸಂಬಳ, ಊಟ 60,000. ಬಾಡಿಗೆ 18,000. ಗ್ಯಾಸು, ಕರೆಂಟು 24,000. ಕವರು, ಬಾಕ್ಸು, ಗಾಡಿ ಬಾಡಿಗೆ, ರಿಪೇರಿ 12,000. ಒಟ್ಟು ಖರ್ಚು 2,64,000. ಮನೆಗೆ ಉಳಿಯುವುದು 36,000.

ಈಗ ಒಂದು ವರ್ಷದಲ್ಲಿ ಖರ್ಚು ಶೇ.6ರಷ್ಟು ಏರಿತು, ನಾವು ದರ ಮುಟ್ಟಲಿಲ್ಲ ಎನ್ನಿ. ಶೇ.6 ಎಂದರೆ ಕೇಳಲು ಚಿಕ್ಕದು. ಆದರೆ 2,64,000ದ ಶೇ.6 ಎಂದರೆ 15,840 ರೂಪಾಯಿ. ಅದು ಮೈದಾದವನ ಜೇಬಿನಿಂದ ಹೋಗುವುದಿಲ್ಲ, ಕಟ್ಟಡದ ಯಜಮಾನನ ಜೇಬಿನಿಂದಲೂ ಹೋಗುವುದಿಲ್ಲ. ನೇರವಾಗಿ ನಮ್ಮ 36,000ದಿಂದ ಹೋಗುತ್ತದೆ. ಉಳಿಯುವುದು 20,160. ಖರ್ಚು ಏರಿದ್ದು ಶೇ.6, ಮನೆಯ ಆದಾಯ ಇಳಿದದ್ದು ಶೇ.44. ಇನ್ನೊಂದು ವರ್ಷ ಹಾಗೇ ಬಿಟ್ಟರೆ ಖರ್ಚು 2,96,630 ಆಗುತ್ತದೆ, ಕೈಗೆ ಸಿಗುವುದು 3,370 ರೂಪಾಯಿ. ಎರಡೇ ವರ್ಷದಲ್ಲಿ ಅಂಗಡಿ ಇದ್ದೂ ಇಲ್ಲದಂತೆ.

ಅಂಗಡಿಯಲ್ಲಿ ಅದೇ ಜನ, ಅದೇ ಗಲಾಟೆ, ಗಲ್ಲೆ ತುಂಬ ಅದೇ ನೋಟು. ಆದ್ದರಿಂದ ಇದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮೊದಲು ಗೊತ್ತಾಗುವುದು ಮನೆಯಲ್ಲಿ: ಮಗಳ ಫೀಸು ತಡವಾಗುತ್ತದೆ, ಊರಿಗೆ ಉಮ್ಮನಿಗೆ ಕಳಿಸುವುದು ಕಡಿಮೆಯಾಗುತ್ತದೆ. ಆಮೇಲೆ ಅಂಗಡಿಯಲ್ಲಿ: ಹುಡುಗರ ಸಂಬಳ ಎರಡು ವರ್ಷ ಅಲ್ಲೇ ನಿಲ್ಲುತ್ತದೆ. ಒಳ್ಳೆಯ ಕೈಕೆಲಸ ಬಲ್ಲ ಹುಡುಗ ಬಿಟ್ಟು ಹೋಗುತ್ತಾನೆ. ದರ ಏರಿಸದೆ ಗಿರಾಕಿಗೆ ಉಪಕಾರ ಮಾಡಿದೆವು ಅಂದುಕೊಳ್ಳುತ್ತೇವೆ. ಆ ಉಪಕಾರದ ದುಡ್ಡು ಕೊಟ್ಟವರು ನಮ್ಮ ಮನೆಯವರು ಮತ್ತು ನಮ್ಮ ಕೆಲಸದ ಹುಡುಗರು.

ಐದರ ಮಗ್ಗಿಯ ತಪ್ಪು

ನಾವು ದರ ಏರಿಸದಿರಲು ದೊಡ್ಡ ಕಾರಣ ಚಿಲ್ಲರೆ. ಹತ್ತು, ಹದಿನೈದು, ಇಪ್ಪತ್ತು ಎಂದು ಐದರ ಮಗ್ಗಿಯಲ್ಲೇ ದರ ಇಡುವ ಅಭ್ಯಾಸ. ಇದರ ಲೆಕ್ಕ ನೋಡಿ. ವರ್ಷಕ್ಕೆ ಶೇ.6ರಂತೆ ಏರಿದರೆ ಹತ್ತು ರೂಪಾಯಿ ಹದಿನೈದಾಗಲು ಏಳು ವರ್ಷ ಬೇಕು. ಎಂದರೆ ಐದರ ಮಗ್ಗಿ ಹಿಡಿದವನಿಗೆ ಎರಡೇ ದಾರಿ. ಏಳು ವರ್ಷ ಸುಮ್ಮನಿದ್ದು ನಷ್ಟ ತಿನ್ನಬೇಕು. ಇಲ್ಲವೇ ಮೂರನೇ ವರ್ಷಕ್ಕೇ ಏರಿಸಿ, ಇನ್ನೂ ಬರಬೇಕಾದ ನಾಲ್ಕು ವರ್ಷದ್ದನ್ನೂ ಗಿರಾಕಿಯಿಂದ ಮುಂಗಡ ತೆಗೆದುಕೊಳ್ಳಬೇಕು. ಮೊದಲನೆಯದು ನಮಗೆ ಅನ್ಯಾಯ, ಎರಡನೆಯದು ಗಿರಾಕಿಗೆ.

ಈಗ ಅರ್ಧಕ್ಕರ್ಧ ಜನ ಫೋನಿನಲ್ಲೇ ಹಣ ಹಾಕುತ್ತಾರೆ. ಅವರಿಗೆ ಹನ್ನೆರಡೂ ಒಂದೇ, ಹದಿಮೂರೂ ಒಂದೇ. ನಗದು ಕೊಡುವವರಿಗಾಗಿ ಒಂದು, ಎರಡು ರೂಪಾಯಿ ನಾಣ್ಯದ ಡಬ್ಬಿ ಗಲ್ಲೆಯ ಪಕ್ಕ ಇರಬೇಕು. ಚಿಲ್ಲರೆಯ ಬದಲು ಚಾಕಲೇಟು ಕೊಡುವ ಚಾಳಿ ಬಿಟ್ಟರೆ ಗಿರಾಕಿಯೂ ಒಂದು ರೂಪಾಯಿಯ ಏರಿಕೆಗೆ ಗೊಣಗುವುದಿಲ್ಲ.

ತಾರೀಕು ಯಾವುದು?

ಲೆಕ್ಕ ನೋಡುವ ದಿನ ಬೇರೆ, ದರ ಬದಲಾಗುವ ದಿನ ಬೇರೆ. ಇವೆರಡೂ ಕ್ಯಾಲೆಂಡರಿನಲ್ಲಿ ಮೊದಲೇ ಗುರುತಾಗಿರಬೇಕು.

ಲೆಕ್ಕಕ್ಕೆ ಎಪ್ರಿಲ್ ಮೊದಲ ವಾರ ಒಳ್ಳೆಯದು. ಮಾರ್ಚ್ 31ಕ್ಕೆ ಹೇಗೂ ತೆರಿಗೆಯ ವರ್ಷ ಮುಗಿದು ಪುಸ್ತಕ ಮುಚ್ಚುತ್ತೇವೆ. ಕನಿಷ್ಠ ಕೂಲಿಯ ತುಟ್ಟಿಭತ್ಯೆ ರಾಜ್ಯದಲ್ಲಿ ಎಪ್ರಿಲ್ 1ರಿಂದ ಬದಲಾಗುತ್ತದೆ. ಹೆಸ್ಕಾಂನ ಹೊಸ ವಿದ್ಯುತ್ ದರವೂ ಸಾಮಾನ್ಯವಾಗಿ ಎಪ್ರಿಲ್‌ನಿಂದಲೇ ಬರುತ್ತದೆ. ವರ್ಷದ ದೊಡ್ಡ ಸುದ್ದಿಗಳೆಲ್ಲ ಆಗ ನಮ್ಮ ಕೈಯಲ್ಲಿರುತ್ತವೆ.

ದರ ಬದಲಿಸಲು ಎರಡು ದಿನ ಇಟ್ಟುಕೊಳ್ಳೋಣ: ಮೇ 1 ಮತ್ತು ನವೆಂಬರ್ 1. ಅಂದರೆ ಎಲ್ಲವನ್ನೂ ಎರಡೆರಡು ಸಲ ಏರಿಸುವುದಲ್ಲ. ಚಾ, ಕಾಫಿ, ಬಾದಾಮಿ ಹಾಲು, ಜ್ಯೂಸು ಮೇ ತಿಂಗಳಲ್ಲಿ. ಬ್ರೆಡ್ಡು, ಬನ್ನು, ಪಫ್ಸು, ಖಾರ, ಬಿಸ್ಕೀಟು ನವೆಂಬರಿನಲ್ಲಿ. ಪ್ರತಿ ಪದಾರ್ಥಕ್ಕೆ ವರ್ಷಕ್ಕೆ ಒಂದೇ ಸಲ. ಒಂದೇ ದಿನ ಇಡೀ ಬೋರ್ಡು ಬದಲಾದರೆ ಗಿರಾಕಿಗೆ ಬರುವ ಸಿಟ್ಟು ಇದರಿಂದ ಬರುವುದಿಲ್ಲ. ಹೊಸ ದರದ ಚೀಟಿ ಹದಿನೈದು ದಿನ ಮೊದಲೇ, ಎಪ್ರಿಲ್ 15 ಮತ್ತು ಅಕ್ಟೋಬರ್ 15ಕ್ಕೆ, ಗಲ್ಲೆಯ ಎದುರು ಅಂಟಿಸಬೇಕು. ಹಳ್ಳಿಯ ಗೂಡಂಗಡಿಗಳಿಗೆ ಪ್ಯಾಕೆಟು ಹಾಕುವವರಿಗೆ ಈ ಹದಿನೈದು ದಿನ ಇನ್ನೂ ಮುಖ್ಯ. ಅವರ ಕಪಾಟಿನಲ್ಲಿರುವ ಹಳೇ ಎಂಆರ್‌ಪಿಯ ಮಾಲು ಹಳೇ ದರಕ್ಕೇ ಖಾಲಿಯಾಗಲು ಸಮಯ ಬೇಕು.

ಜೂನ್, ಜುಲೈ ಯಾಕೆ ಬೇಡ ಎಂದರೆ, ಈ ನಾಲ್ಕೂ ತಾಲೂಕುಗಳಲ್ಲಿ ಅದು ಬಿತ್ತನೆಯ ಕಾಲ. ರೈತನ ದುಡ್ಡೆಲ್ಲ ಬೀಜ, ಗೊಬ್ಬರಕ್ಕೆ ಹೋಗಿರುತ್ತದೆ, ಮಕ್ಕಳ ಶಾಲೆಯೂ ಅದೇ ಹೊತ್ತಿಗೆ ಶುರುವಾಗುತ್ತದೆ. ನವೆಂಬರಿನ ಹೊತ್ತಿಗೆ ಗೋವಿನಜೋಳ ಕೈಗೆ ಬರುತ್ತಿರುತ್ತದೆ.

ಇನ್ನು ನಮ್ಮಲ್ಲಿ ಹಲವರು ಝಕಾತ್‌ಗಾಗಿ ರಮಝಾನಿನಲ್ಲಿ ಅಂಗಡಿಯ ಮಾಲಿನ ಲೆಕ್ಕ ತೆಗೆಯುತ್ತಾರೆ. ಆ ಲೆಕ್ಕದ ಪುಸ್ತಕ ದರ ಪರಿಷ್ಕರಣೆಗೂ ತುಂಬ ಉಪಯೋಗಕ್ಕೆ ಬರುತ್ತದೆ. ಆದರೆ ದರದ ತಾರೀಕನ್ನು ಮಾತ್ರ ಹಿಜರಿ ತಿಂಗಳಿಗೆ ಕಟ್ಟಬಾರದು. ಚಾಂದ್ರ ವರ್ಷ ಹನ್ನೊಂದು ದಿನ ಚಿಕ್ಕದು. 2003ರಲ್ಲಿ ರಮಝಾನ್ ಅಕ್ಟೋಬರ್ ಕೊನೆಗೆ ಶುರುವಾಗಿತ್ತು, 2025ರಲ್ಲಿ ಮಾರ್ಚ್ ಆರಂಭದಲ್ಲಿ. ಬಾಡಿಗೆಯ ಕರಾರು, ಕರೆಂಟು, ಬೆಳೆ ಯಾವುದೂ ಹಾಗೆ ಸರಿಯುವುದಿಲ್ಲ. ಇನ್ನೊಂದು ಮಾತೂ ಇದೆ. ಇಫ್ತಾರಿನ ಹೊತ್ತಿಗೆ ಸಮೋಸ, ಹಣ್ಣಿನ ರಸಕ್ಕೆ ಜನ ಮುಗಿಬೀಳುತ್ತಾರೆಂದು ಆಗಲೇ ದರ ಏರಿಸುವುದು, ಪೆರ್ನಾಲ್ ಮುಗಿದ ಮೇಲೂ ಇಳಿಸದಿರುವುದು ನಮಗೆ ಒಪ್ಪುವ ವ್ಯಾಪಾರವಲ್ಲ. ತಾರೀಕು ಮೊದಲೇ ಗೊತ್ತಿದ್ದರೆ ಆ ಆಸೆಗೆ ಜಾಗವೇ ಇರುವುದಿಲ್ಲ.

ಎಷ್ಟು ಏರಿಸಬೇಕು?

ಟಿವಿಯಲ್ಲಿ ಬರುವ ಹಣದುಬ್ಬರದ ಅಂಕಿಯನ್ನು ಹಿಡಿದು ಏರಿಸುವವರಿದ್ದಾರೆ. ದೇಶದ ಚಿಲ್ಲರೆ ಹಣದುಬ್ಬರ 2022-23ರಲ್ಲಿ ಸರಾಸರಿ ಶೇ.6.7 ಇತ್ತು, 2023-24ರಲ್ಲಿ ಶೇ.5.4, 2024-25ರಲ್ಲಿ ಶೇ.4.6. ಅಂಕಿ ಇಳಿದದ್ದನ್ನು ನೋಡಿ ಬೆಲೆ ಇಳಿಯಿತು ಎಂದು ತಿಳಿಯುವುದು ಮೊದಲ ತಪ್ಪು. ಬೆಲೆ ಏರುತ್ತಲೇ ಇತ್ತು, ಏರುವ ವೇಗ ಮಾತ್ರ ಕಡಿಮೆಯಾಯಿತು. ಎರಡನೆಯ ತಪ್ಪು, ಆ ಅಂಕಿ ನಮ್ಮ ಅಂಗಡಿಯದ್ದು ಎಂದುಕೊಳ್ಳುವುದು. ಅದರಲ್ಲಿ ತರಕಾರಿ, ಬಟ್ಟೆ, ಔಷಧ ಎಲ್ಲ ಇದೆ. ನಮಗೆ ಬೇಕಾದದ್ದು ಮೈದಾ, ಎಣ್ಣೆ, ಹಾಲು, ಸಂಬಳ, ಬಾಡಿಗೆ. ಅದು ನಮ್ಮ ಬಿಲ್ಲಿನ ಕಟ್ಟಿನಲ್ಲೇ ಇರುತ್ತದೆ.

ಮಾಡುವ ಕ್ರಮ ಸುಲಭ. ಕಳೆದ ವರ್ಷ ಮಾರ್ಚಿನಲ್ಲಿ ಎಷ್ಟು ಸಾಮಾನು ತಂದಿದ್ದೆವೋ ಅಷ್ಟೇ ಸಾಮಾನಿಗೆ ಈ ಮಾರ್ಚಿನ ದರ ಹಾಕಿ ಕೂಡಿಸಬೇಕು. ಎರಡು ವರ್ಷದ ಬಿಲ್ಲಿನ ಮೊತ್ತವನ್ನು ಹಾಗೇ ಹೋಲಿಸಬಾರದು, ಯಾಕೆಂದರೆ ಈ ವರ್ಷ ವ್ಯಾಪಾರ ಹೆಚ್ಚಾಗಿದ್ದರೆ ಸಾಮಾನೂ ಹೆಚ್ಚು ತಂದಿರುತ್ತೇವೆ. ಅಳತೆ ಅದೇ ಇರಬೇಕು, ದರ ಮಾತ್ರ ಹೊಸದಾಗಿರಬೇಕು. ಎಣ್ಣೆಯಂತೆ ಏರಿಳಿಯುವ ಪದಾರ್ಥಕ್ಕೆ ಒಂದು ದಿನದ ದರ ಹಿಡಿಯದೆ ಹನ್ನೆರಡು ತಿಂಗಳ ಸರಾಸರಿ ಹಿಡಿಯಬೇಕು. ಕಮರ್ಷಿಯಲ್ ಸಿಲಿಂಡರಿನ ದರ ತಿಂಗಳ ಒಂದನೇ ತಾರೀಕಿಗೆ ಬದಲಾಗುವುದರಿಂದ ಅದಕ್ಕೂ ಸರಾಸರಿಯೇ ಸರಿ.

ನಮ್ಮ ಹಾನಗಲ್ಲಿನ ಅಂಗಡಿಗೆ ಮರಳೋಣ. ಅದೇ ಸಾಮಾನು ಹೊಸ ದರದಲ್ಲಿ 1,57,500. ಸಂಬಳ 66,000, ಏಕೆಂದರೆ ಹುಡುಗರಿಗೆ ಈ ಸಲ ಶೇ.10 ಕೊಡಬೇಕೆಂದಿದ್ದೇವೆ. ಬಾಡಿಗೆ ಕರಾರಿನಂತೆ 18,900. ಗ್ಯಾಸು, ಕರೆಂಟು 25,200. ಉಳಿದದ್ದು 12,240. ಒಟ್ಟು 2,79,840. ಹಳೆಯದಕ್ಕಿಂತ 15,840 ಹೆಚ್ಚು. ಅಂದರೆ ಸರಿಯಾಗಿ ಶೇ.6.

ಇದನ್ನು 3 ಲಕ್ಷದ ವ್ಯಾಪಾರದಲ್ಲಿ ತುಂಬಿಕೊಳ್ಳಲು ಶೇ.5.3 ಏರಿಸಿದರೆ ಸಾಕು. ಆಗ ಮನೆಗೆ ಅದೇ 36,000 ಸಿಗುತ್ತದೆ. ಮನೆಯ ಖರ್ಚೂ ಏರಿದೆಯಲ್ಲ ಎಂದರೆ ಶೇ.6. ಅದಕ್ಕಿಂತ ಮೇಲೆ ಹೋಗಲು ಈ ಪುಸ್ತಕದಲ್ಲಿ ಕಾರಣವಿಲ್ಲ. ಒಂದು ಎಚ್ಚರಿಕೆ: ಹಳಸಿ ಬಿಸಾಡಿದ ಪಫ್ಸು, ಮಿಕ್ಕ ಹಾಲು, ಬಾರದ ಉದ್ರಿ ಇವು ಬೆಲೆ ಏರಿಕೆಯಲ್ಲ. ಅದನ್ನೂ ಈ ಲೆಕ್ಕಕ್ಕೆ ಸೇರಿಸಿ ಗಿರಾಕಿಯ ತಲೆಗೆ ಕಟ್ಟಬಾರದು. ಅದನ್ನು ಅಡಿಗೆ ಮನೆಯಲ್ಲೂ ಉದ್ರಿ ಪುಸ್ತಕದಲ್ಲೂ ಸರಿ ಮಾಡಿಕೊಳ್ಳಬೇಕು.

ಪುಸ್ತಕದ ದರ, ಬೋರ್ಡಿನ ದರ

ಸಣ್ಣ ಹೆಜ್ಜೆಯ ಪದ್ಧತಿ ಸಾಮಾನ್ಯವಾಗಿ ಹಾಳಾಗುವುದು ಪೈಸೆಯ ಜಾಗದಲ್ಲಿ. ಚಾ 12 ರೂಪಾಯಿ. ಶೇ.6 ಸೇರಿದರೆ 12.72. ಬೋರ್ಡಿನಲ್ಲಿ 72 ಪೈಸೆ ಬರೆಯುವಂತಿಲ್ಲ. "ಮುಕ್ಕಾಲು ರೂಪಾಯಿಗೆ ಯಾಕೆ ರಗಳೆ, ಹನ್ನೆರಡೇ ಇರಲಿ" ಎಂದು ಬಿಡುತ್ತೇವೆ. ಮುಂದಿನ ವರ್ಷ ಮತ್ತೆ ಹನ್ನೆರಡಕ್ಕೇ ಶೇ.6 ಹಾಕಿದರೆ ಮತ್ತೆ 12.72, ಮತ್ತೆ ಹನ್ನೆರಡೇ ಇರಲಿ. ಹೀಗೆ ಹತ್ತು ವರ್ಷವಾದರೂ ಚಾ ಹನ್ನೆರಡರಿಂದ ಏಳುವುದಿಲ್ಲ. ನಮ್ಮ ಐದು ರೂಪಾಯಿ ಜಿಗಿತ ಹುಟ್ಟುವುದೇ ಇಲ್ಲಿ. ಇದಕ್ಕೆ ಉಲ್ಟಾ ಮಾಡುವವರೂ ಇದ್ದಾರೆ: ಪೈಸೆ ಕಂಡರೆ ಮೇಲಿನ ರೂಪಾಯಿಗೇ ಏರಿಸುತ್ತಾರೆ. 12ರಿಂದ 13, 13ಕ್ಕೆ ಶೇ.6 ಸೇರಿಸಿ 13.78 ಬಂದರೆ 14, ಮತ್ತೆ 14.84 ಬಂದರೆ 15. ಮೂರು ವರ್ಷಕ್ಕೆ 15. ನ್ಯಾಯವಾಗಿ ಎಷ್ಟಾಗಬೇಕಿತ್ತು?

ಪುಸ್ತಕದಲ್ಲಿ ಎರಡು ಅಂಕಣ ಇಟ್ಟರೆ ಗೊತ್ತಾಗುತ್ತದೆ. ಒಂದರಲ್ಲಿ ಪುಸ್ತಕದ ದರ, ಪೈಸೆ ಸಮೇತ. ಇನ್ನೊಂದರಲ್ಲಿ ಬೋರ್ಡಿನ ದರ, ಹತ್ತಿರದ ರೂಪಾಯಿಗೆ. ಪ್ರತಿ ವರ್ಷ ಶೇಕಡಾ ಹಾಕುವುದು ಪುಸ್ತಕದ ದರಕ್ಕೆ, ಬೋರ್ಡಿನ ದರಕ್ಕೆ ಎಂದೂ ಅಲ್ಲ. ಚಾ ಪುಸ್ತಕದಲ್ಲಿ 12.72, ಬೋರ್ಡಿನಲ್ಲಿ 13. ಮರುವರ್ಷ ಪುಸ್ತಕದಲ್ಲಿ 13.48, ಬೋರ್ಡಿನಲ್ಲಿ 13 ಹಾಗೇ ಇರುತ್ತದೆ. ಮೂರನೇ ವರ್ಷ ಪುಸ್ತಕದಲ್ಲಿ 14.29, ಬೋರ್ಡಿನಲ್ಲಿ 14. ಅಂದರೆ ಮೂರು ವರ್ಷಕ್ಕೆ ಎರಡೇ ರೂಪಾಯಿ, ಮಧ್ಯದ ಒಂದು ವರ್ಷ ಗಿರಾಕಿಗೆ ಏರಿಕೆಯೇ ಇಲ್ಲ. ಬ್ರೆಡ್ಡು 40 ಇದ್ದರೆ ಪುಸ್ತಕದಲ್ಲಿ 42.40, 44.94, 47.64. ಬೋರ್ಡಿನಲ್ಲಿ 42, 45, 48. ಒಂದು ವರ್ಷ ನಾವು ಕೆಲವು ಪೈಸೆ ಕಳೆದುಕೊಳ್ಳುತ್ತೇವೆ, ಇನ್ನೊಂದು ವರ್ಷ ಕೆಲವು ಪೈಸೆ ಬರುತ್ತದೆ. ವರ್ಷಗಳು ಕಳೆದಂತೆ ಸರಿಸಮ.

ಶೇ.6 ಎಂಬುದು ಇಲ್ಲಿ ಉದಾಹರಣೆ ಮಾತ್ರ. ಪ್ರತಿ ಎಪ್ರಿಲಿನಲ್ಲಿ ಹೊಸದಾಗಿ ಬಂದ ಅಂಕಿಯನ್ನೇ ಹಾಕಬೇಕು. ಅದು ಶೇ.3 ಬಂದರೆ ಶೇ.3.

ಹಾಲಿನ ಹೆಸರು ಹೇಳುವ ಮೊದಲು

ದರ ಏರಿಸುವಾಗ ನಾವು ಹೇಳುವ ಕಾರಣವೂ ನಿಜವಿರಬೇಕು. ನಂದಿನಿಯ ನೀಲಿ ಪ್ಯಾಕೆಟಿನ ಹಾಲು 2022ರ ನವೆಂಬರಿನಲ್ಲಿ ಲೀಟರಿಗೆ 37ರಿಂದ 39 ಆಯಿತು. 2023ರ ಆಗಸ್ಟ್ 1ಕ್ಕೆ 42. 2024ರ ಜೂನಿನಲ್ಲಿ ಪ್ಯಾಕೆಟಿಗೆ 50 ಮಿಲಿ ಹೆಚ್ಚಿಸಿ ಎರಡು ರೂಪಾಯಿ ಸೇರಿಸಿದರು. 2025ರ ಎಪ್ರಿಲ್ 1ಕ್ಕೆ ಆ 50 ಮಿಲಿ ತೆಗೆದು, ಲೀಟರಿಗೆ 46. ಪ್ರತಿ ಸಲವೂ ರಾಜ್ಯದ ಅನೇಕ ಕಡೆ ಹೊಟೇಲಿನ ಚಾ ಏರಿತು.

ಒಂದು ಕಪ್ ಚಾಕ್ಕೆ 60 ಮಿಲಿ ಹಾಲು ಹಾಕುತ್ತೇವೆ ಎನ್ನಿ. ಲೀಟರಿಗೆ 42 ಇದ್ದಾಗ ಕಪ್ಪಿನ ಹಾಲಿಗೆ 2 ರೂಪಾಯಿ 52 ಪೈಸೆ, 46 ಆದಾಗ 2 ರೂಪಾಯಿ 76 ಪೈಸೆ. ವ್ಯತ್ಯಾಸ 24 ಪೈಸೆ. ಲೀಟರಿಗೆ ನಾಲ್ಕು ರೂಪಾಯಿ ಏರಿತೆಂದು ಚಾಕ್ಕೆ ಮೂರು ರೂಪಾಯಿ ಏರಿಸಿ ಹಾಲಿನ ಹೆಸರು ಹೇಳಿದರೆ ಲೆಕ್ಕ ಬಲ್ಲ ಗಿರಾಕಿ ನಗುತ್ತಾನೆ. ಚಾ ಏರಬೇಕಾದದ್ದು ಹಾಲು, ಚಾ ಪುಡಿ, ಸಕ್ಕರೆ, ಗ್ಯಾಸು, ಹುಡುಗನ ಸಂಬಳ ಎಲ್ಲ ಸೇರಿ. ಅದನ್ನೇ ಹೇಳಬೇಕು. "ಮೇ ಒಂದಕ್ಕೆ ನಮ್ಮಲ್ಲಿ ವರ್ಷದ ಲೆಕ್ಕ ಅಣ್ಣಾ, ಈ ಸಲ ಒಂದು ರೂಪಾಯಿ" ಎಂದರೆ ಅಷ್ಟು ಸಾಕು. ಎರಡು ವರ್ಷ ಹೀಗೆ ಮಾಡಿದರೆ ಗಿರಾಕಿಯೇ "ಈ ಸಲ ಎಷ್ಟ್ರೀ ಕಾಕಾ?" ಎಂದು ಕೇಳುತ್ತಾನೆ.

ದರ ಬದಲಿಸದೆ ತೂಕ ಕಡಿಮೆ ಮಾಡುವವರಿಗೂ ಒಂದು ಮಾತು. 400 ಗ್ರಾಮಿನ ಬ್ರೆಡ್ಡನ್ನು ಅದೇ ದರಕ್ಕೆ 350 ಗ್ರಾಂ ಮಾಡಿದರೆ ಅದು ಶೇ.14ಕ್ಕೂ ಹೆಚ್ಚಿನ ಏರಿಕೆ. ಶೇ.6 ಎಂದು ಹೇಳಲು ನಾಚಿಕೆಪಟ್ಟವರು ಹೇಳದೆ ಶೇ.14 ತೆಗೆದುಕೊಂಡಂತಾಯಿತು. ಪ್ಯಾಕೆಟಿನ ಮೇಲೆ ನಿವ್ವಳ ತೂಕ ಮತ್ತು ಎಂಆರ್‌ಪಿ ಇರಲೇಬೇಕೆಂದು 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ ಹೇಳುತ್ತದೆ. ಹಳೇ ಕವರಿನಲ್ಲಿ ಹೊಸ ತೂಕ ಹೋದರೆ ಅದು ಕಾನೂನಿನ ಮುಂದೆಯೂ ತಪ್ಪು. ಅಳತೆ, ತೂಕದಲ್ಲಿ ಕಡಿಮೆ ಮಾಡುವವರ ಬಗ್ಗೆ ನಮ್ಮ ದೀನ್ ಏನು ಹೇಳುತ್ತದೆ ಎಂಬುದನ್ನು ಈ ಪುಟದ ಓದುಗರಿಗೆ ನೆನಪಿಸಬೇಕಾಗಿಲ್ಲ.

ಇಳಿಸುವ ವರ್ಷವೂ ಇರಬೇಕು

ಗೊತ್ತಾದ ತಾರೀಕು ಎಂದರೆ ಆ ದಿನ ಏರಿಸಲೇಬೇಕು ಎಂದಲ್ಲ. ಲೆಕ್ಕ ಹಾಕಿ ಶೇ.2ಕ್ಕಿಂತ ಕಡಿಮೆ ಬಂದರೆ ಆ ವರ್ಷ ಬೋರ್ಡು ಮುಟ್ಟುವುದು ಬೇಡ, ಪುಸ್ತಕದಲ್ಲಿ ಮಾತ್ರ ಬರೆದಿಡೋಣ. ಇಳಿದದ್ದು ಕಂಡರೆ ಇಳಿಸೋಣ. 2025ರ ಸೆಪ್ಟೆಂಬರ್ 22ರಿಂದ ಕೇಕು, ಪೇಸ್ಟ್ರಿ, ಬಿಸ್ಕೀಟಿನ ಜಿಎಸ್‌ಟಿ ಶೇ.18ರಿಂದ ಶೇ.5ಕ್ಕೆ ಇಳಿಯಿತು. ತೆರಿಗೆ ಸೇರಿಸಿ ಬಿಲ್ಲು ಹಾಕುವ ಬೇಕರಿಯಲ್ಲಿ 118 ರೂಪಾಯಿಯ ಕೇಕು 105ಕ್ಕೆ ಬರಬೇಕು. ಅಂಥದ್ದಕ್ಕೆ ನವೆಂಬರ್ ಕಾಯುವಂತಿಲ್ಲ, ಅದೇ ದಿನ ಇಳಿಸಬೇಕು. ಇಳಿಸಿದ್ದನ್ನು ಕಂಡ ಗಿರಾಕಿ ಏರಿಸಿದಾಗಲೂ ನಂಬುತ್ತಾನೆ.

ಏರುವ ಕಡೆಗೂ ಒಂದು ತುರ್ತು ಬಾಗಿಲು ಬೇಕು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಆಮದು ಖಾದ್ಯತೈಲದ ಸುಂಕವನ್ನು ಒಮ್ಮೆಗೇ ಏರಿಸಿದಾಗ, ಮತ್ತು 2025ರ ಮೇ ಕೊನೆಗೆ ಕಚ್ಚಾ ಎಣ್ಣೆಯ ಸುಂಕ ಇಳಿಸಿದಾಗ, ಕರಿಯುವ ತಿಂಡಿಯ ಲೆಕ್ಕವೇ ಬದಲಾಯಿತು. ನಿಯಮ ಹೀಗಿರಲಿ: ಒಂದು ಮುಖ್ಯ ಸಾಮಾನು ಶೇ.20ಕ್ಕಿಂತ ಹೆಚ್ಚು ಏರಿ ಎರಡು ತಿಂಗಳಾದರೂ ಇಳಿಯದಿದ್ದರೆ, ಆ ಸಾಮಾನಿನಿಂದಲೇ ನಿಂತ ತಿಂಡಿಗೆ ಮಾತ್ರ ಮಧ್ಯದಲ್ಲಿ ಪರಿಷ್ಕರಣೆ. ಎಣ್ಣೆ ಏರಿದರೆ ಖಾರ, ಸಮೋಸ. ಅದರ ನೆಪದಲ್ಲಿ ಚಾ, ಬ್ರೆಡ್ಡು ಏರಕೂಡದು.

ಪಕ್ಕದವನು ಏರಿಸದಿದ್ದರೆ?

ಎಲ್ಲರ ಭಯ ಇದೇ. ಇದನ್ನೂ ಲೆಕ್ಕದಲ್ಲೇ ನೋಡೋಣ. ನಮ್ಮ ಅಂಗಡಿಯಲ್ಲಿ 100 ರೂಪಾಯಿ ವ್ಯಾಪಾರಕ್ಕೆ ಸಾಮಾನು 50 ರೂಪಾಯಿ. ಅದು ಶೇ.6 ಏರಿ 53 ಆದರೂ ದರ ಏರಿಸದಿದ್ದರೆ ಬಾಡಿಗೆ, ಸಂಬಳ, ಮನೆಗೆಂದು ಉಳಿಯುವುದು 47. ದರವನ್ನೂ ಶೇ.6 ಏರಿಸಿದರೆ 106ರಲ್ಲಿ 53 ಉಳಿಯುತ್ತದೆ. ಆದ್ದರಿಂದ ನೂರರಲ್ಲಿ 11 ಗಿರಾಕಿ ಬಿಟ್ಟು ಹೋದರೂ ನಾವು ಏರಿಸದೆ ಇದ್ದಲ್ಲಿಗಿಂತ ಕೆಳಗೆ ಹೋಗುವುದಿಲ್ಲ. ಒಂದು ರೂಪಾಯಿಗೆ ಅಷ್ಟು ಜನ ಹೋಗುತ್ತಾರೋ ಇಲ್ಲವೋ ಎಂಬುದನ್ನು ಊಹೆಗೆ ಬಿಡದೆ ಎಣಿಸಬೇಕು. ದರ ಬದಲಿಸುವ ಮೊದಲ ನಾಲ್ಕು ವಾರ, ನಂತರದ ನಾಲ್ಕು ವಾರ ದಿನಕ್ಕೆ ಎಷ್ಟು ಕಪ್, ಎಷ್ಟು ಬ್ರೆಡ್ಡು ಹೋಯಿತು ಎಂದು ಬರೆದಿಡಿ. ಸಂತೆಯ ದಿನವನ್ನು ಸಂತೆಯ ದಿನಕ್ಕೇ ಹೋಲಿಸಿ. ಶೇ.11ಕ್ಕಿಂತ ಹೆಚ್ಚು ಇಳಿದು ಹಾಗೇ ನಿಂತರೆ ಆ ಒಂದು ಪದಾರ್ಥವನ್ನು ಹಿಂದಿನ ದರಕ್ಕೆ ತನ್ನಿ.

ಊರು ಊರಿಗೂ ವ್ಯತ್ಯಾಸವಿದೆ. ಶಿಗ್ಗಾಂವಿಯಲ್ಲಿ ಹೆದ್ದಾರಿಯ ಗಿರಾಕಿ ಹಳೇ ದರ ನೆನಪಿಟ್ಟುಕೊಂಡಿರುವುದಿಲ್ಲ, ಹಾನಗಲ್ಲಿನ ನಿತ್ಯದ ಗಿರಾಕಿಗೆ ಪೈಸೆಯೂ ನೆನಪಿರುತ್ತದೆ. ಸವಣೂರಿನಲ್ಲಿ ಖಾರಕ್ಕೆ ಊರಿನದ್ದೇ ಹೆಸರಿದೆ, ಅಲ್ಲಿ ಖಾರದ ದರ ನಾವೊಬ್ಬರೇ ನಿರ್ಧರಿಸುವಂತಿಲ್ಲ. ಆದ್ದರಿಂದ ಎಲ್ಲರೂ ಒಂದೇ ದರ ಮಾಡೋಣ ಎಂದು ಕೂತು ಒಪ್ಪಂದ ಮಾಡಿಕೊಳ್ಳುವುದು ಬೇಡ. ಹಾಗೆ ದರ ನಿಗದಿ ಮಾಡಿಕೊಳ್ಳುವುದನ್ನು 2002ರ ಸ್ಪರ್ಧಾ ಕಾಯ್ದೆ ತಡೆಯುತ್ತದೆ. ಲೆಕ್ಕದ ಕ್ರಮವನ್ನು ಒಬ್ಬರಿಗೊಬ್ಬರು ಹೇಳಿಕೊಡಬಹುದು, ದರ ಅವರವರದ್ದು.

ಹಿರೇಕೆರೂರಿನ ಕಡೆ ಬೆಳೆ ಬರುವವರೆಗೆ ಉದ್ರಿ ಕೊಡುವವರು ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಅಕ್ಟೋಬರಿನಲ್ಲಿ ಒಯ್ದ ಬ್ರೆಡ್ಡಿಗೆ ಅಕ್ಟೋಬರಿನ ದರವೇ. ಡಿಸೆಂಬರಿನಲ್ಲಿ ದುಡ್ಡು ಕೊಟ್ಟನೆಂದು ಹೊಸ ದರ ಹಾಕಿದರೆ ಅದು ಸಾಲದ ಮೇಲೆ ಹೆಚ್ಚುವರಿ ತೆಗೆದುಕೊಂಡಂತೆ. ಅದರ ಹೆಸರು ನಮಗೆಲ್ಲ ಗೊತ್ತು. ಉದ್ರಿಯಿಂದ ನಷ್ಟವಾಗುತ್ತದೆ ಎನಿಸಿದರೆ ಉದ್ರಿಯ ಮಿತಿ ಇಳಿಸಬೇಕು, ಬರೆದ ದರ ತಿದ್ದಬಾರದು.

ಈ ಪದ್ಧತಿ ಶುರು ಮಾಡಲು ನೂರು ಪುಟದ ಒಂದು ನೋಟ್‌ಬುಕ್ ಸಾಕು. ಐದು ವರ್ಷದಿಂದ ದರ ಮುಟ್ಟದವರು ಮೊದಲ ವರ್ಷವೇ ಎಲ್ಲವನ್ನೂ ಸರಿಮಾಡಲು ಹೋಗಬೇಡಿ. ಬಾಕಿ ಉಳಿದದ್ದನ್ನು ಪುಸ್ತಕದ ದರದಲ್ಲಿ ಬರೆದು, ವರ್ಷಕ್ಕೆ ಒಂದೆರಡು ರೂಪಾಯಿಯಂತೆ ಮೂರು ವರ್ಷದಲ್ಲಿ ತಲುಪಿ. ಅಂಗಡಿಯಲ್ಲಿ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಎಪ್ರಿಲ್ ಮೊದಲ ವಾರ, ಎಪ್ರಿಲ್ 15, ಮೇ 1, ಅಕ್ಟೋಬರ್ 15, ನವೆಂಬರ್ 1 ಇಷ್ಟಕ್ಕೆ ಇವತ್ತೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಕಳೆದ ಮಾರ್ಚಿನ ಬಿಲ್ಲುಗಳನ್ನು ಮಾತ್ರ ರದ್ದಿಗೆ ಹಾಕಬೇಡಿ. ಲೆಕ್ಕ ಶುರುವಾಗುವುದು ಅವುಗಳಿಂದಲೇ.